ಆರಾದ ಸತ್ತು: ಹುರಿದದ್ದು, ಬೀಸಿದ್ದು, ಸಕ್ಕರೆ ಅಳೆದದ್ದು

ಮೊದಲು ಹೆಸರಿನ ತಾಪತ್ರಯ ಮುಗಿಸಿಬಿಡುತ್ತೇನೆ. "ಬೆಳಿಗ್ಗೆ ಸತ್ತು ಕುಡಿದೆ" ಎಂದು ಧಾರವಾಡದ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಆಕೆ ಒಂದು ಕ್ಷಣ ಸುಮ್ಮನಾದಳು. ಆಮೇಲೆ, "ಎದ್ದ ಕೂಡಲೇ ಅಂಥ ಮಾತು ಆಡಬೇಡ" ಎಂದು ಗದರಿದಳು. ಇದು ಸಾಯುವ ಸತ್ತು ಅಲ್ಲ, ಹುರಿದ ಕಡಲೆಯ ಹಿಟ್ಟು, ಬಿಹಾರದವರು ಬೇಸಿಗೆಯಲ್ಲಿ ನೀರಿಗೆ ಕಲಸಿ ಕುಡಿಯುತ್ತಾರೆ ಎಂದು ವಿವರಿಸಿದ ಮೇಲೆ, "ಓ, ಪುಟಾಣಿ ಹಿಟ್ಟು" ಎಂದು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟಳು. ಅದು ಪೂರ್ತಿ ಸರಿಯಲ್ಲ. ಯಾಕೆ ಅಲ್ಲ ಎಂಬುದು ಮುಂದೆ ಬರುತ್ತದೆ.

ಬ್ಯಾಂಕಿನ ವರ್ಗಾವಣೆಯಲ್ಲಿ ನಾನು ಬಂದು ಬಿದ್ದಿರುವುದು ಬಿಹಾರದ ಭೋಜಪುರ ಜಿಲ್ಲೆಯ ಆರಾ ಪಟ್ಟಣಕ್ಕೆ. ಆರು ವರ್ಷದಿಂದ ಸಕ್ಕರೆ ಕಾಯಿಲೆಯಿದೆ. ದಿನಕ್ಕೆ ಎರಡು ಮೆಟ್‌ಫಾರ್ಮಿನ್ ಮಾತ್ರೆ, ಇನ್ಸುಲಿನ್ ಇಲ್ಲ. ಏಪ್ರಿಲ್‌ನಲ್ಲಿ ಪಶ್ಚಿಮದಿಂದ 'ಲೂ' ಎಂಬ ಬಿಸಿಗಾಳಿ ಬೀಸಲು ಶುರುವಾದರೆ ಕಚೇರಿಯ ಬಾಗಿಲಲ್ಲೇ ಸತ್ತುವಿನ ತಳ್ಳುಗಾಡಿ ಬಂದು ನಿಲ್ಲುತ್ತದೆ. "ಕುಡಿಯಿರಿ ಸಾಹೇಬ್, ಶುಗರ್ ಇದ್ದವರಿಗೆ ಇದು ಔಷಧ" ಎಂದು ಕಚೇರಿಯವರೆಲ್ಲರೂ ಹೇಳಿದರು. ಔಷಧ ಎಂಬ ಮಾತು ಕೇಳಿದರೆ ನನಗೆ ಸ್ವಲ್ಪ ಅನುಮಾನ. ಕಡಲೆಯಲ್ಲಿ ಪ್ರೋಟೀನ್ ಇದೆ, ನಿಜ, ಆದರೆ ಅರ್ಧಕ್ಕಿಂತ ಹೆಚ್ಚು ತೂಕ ಕಾರ್ಬೋಹೈಡ್ರೇಟೇ. ಹಾಗಾಗಿ ಸತ್ತುವನ್ನು ಕಾಳಿನಿಂದ ಶುರುಮಾಡಿ ಮನೆಯಲ್ಲೇ ತಯಾರಿಸಿ, ಕುಡಿದು, ಬೆರಳು ಚುಚ್ಚಿ ನೋಡುವುದೆಂದು ಹೊರಟೆ.

ಗಾಡಿಯ ಚಮಚದ ತೂಕ

ಏಪ್ರಿಲ್ 14 ಇಲ್ಲಿ ಸತುಆನ್ ಹಬ್ಬ. ಸೂರ್ಯ ಮೇಷಕ್ಕೆ ಬರುವ ದಿನ. ಅಂದು ಒಲೆ ಹಚ್ಚುವ ಗೊಡವೆ ಕಡಿಮೆ. ಸತ್ತು, ಬೆಲ್ಲ, ಟಿಕೋರಾ ಎಂದು ಕರೆಯುವ ಮಿಡಿಮಾವಿನ ಚಟ್ನಿ, ಇಷ್ಟೇ ಊಟ. ಮನೆಯ ಒಡತಿ ಚಾಚಿ ಒಂದು ತಟ್ಟೆ ನನಗೂ ಕಳಿಸಿದರು. ಮರುದಿನ ಗಾಡಿಯವನ ಹತ್ತಿರ ಹೋಗಿ, ಒಂದು ಲೋಟಕ್ಕೆ ಹಾಕುವಷ್ಟು ಹಿಟ್ಟನ್ನು ನೀರು ಹಾಕದೆ ಪೊಟ್ಟಣ ಕಟ್ಟಿಕೊಡು ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿತ್ತಾಳೆಯ ಚಮಚದಲ್ಲಿ ಎರಡು ಸಲ ಗೋಪುರದಂತೆ ಎತ್ತಿ ಹಾಕಿ ಕೊಟ್ಟ. ಮನೆಯ ಅಡುಗೆ ತಕ್ಕಡಿಯಲ್ಲಿ ಇಟ್ಟರೆ 70 ಗ್ರಾಂ!

ಆ ಒಂದು ತೂಕವೇ ಅರ್ಧ ಕತೆ ಹೇಳಿತು. ಹುರಿದ ಕಡಲೆಯ 100 ಗ್ರಾಂನಲ್ಲಿ ಸುಮಾರು 20ರಿಂದ 22 ಗ್ರಾಂ ಪ್ರೋಟೀನ್, 58 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇರುತ್ತದೆ. ಅಂದರೆ ಗಾಡಿಯ ಲೋಟದಲ್ಲಿ 15 ಗ್ರಾಂ ಪ್ರೋಟೀನ್ ಸಿಗುತ್ತದೆ. ಜೊತೆಗೆ 40 ಗ್ರಾಂ ಕಾರ್ಬೋಹೈಡ್ರೇಟ್ ಕೂಡ, ಎಂದರೆ ಎರಡು ಚಪಾತಿಯಷ್ಟು. ಇದನ್ನು ಜನ ತಿಂಡಿ ತಿಂದ ಮೇಲೆ, ಹನ್ನೊಂದು ಗಂಟೆಗೆ, ಮಜ್ಜಿಗೆ ಕುಡಿದ ಹಾಗೆ ಕುಡಿಯುತ್ತಾರೆ. ನಾನೂ ಅದೇ ಮಾಡುತ್ತಿದ್ದೆ. ಪಾನಕ ಎಂದುಕೊಂಡದ್ದು ಎರಡನೆಯ ತಿಂಡಿಯಾಗಿತ್ತು.

ಮೊದಲ ಹುರಿ: ಹೊರಗೆ ಕಪ್ಪು, ಒಳಗೆ ಹಸಿ

ಅಂಗಡಿಯಿಂದ ಒಂದು ಕಿಲೋ ದೇಸಿ ಕಡಲೆ ತಂದೆ, ಕಂದು ಸಿಪ್ಪೆಯ ಸಣ್ಣ ಕಾಳು. ಕಾಬೂಲಿ ಕಡಲೆ ಇದಕ್ಕೆ ಆಗುವುದಿಲ್ಲ. ಕಾಲು ಕಿಲೋ ಕಾಳನ್ನು ಒಣಗಿದ್ದ ಹಾಗೆಯೇ ಕಬ್ಬಿಣದ ಬಾಣಲೆಗೆ ಸುರಿದು, ದೊಡ್ಡ ಉರಿಯಲ್ಲಿ ಹುರಿದೆ. ಎಂಟು ನಿಮಿಷಕ್ಕೆ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂತು, ಘಮ ಬಂತು, ನಾನು ಗೆದ್ದೆ ಎಂದುಕೊಂಡೆ. ಒಂದು ಕಾಳನ್ನು ಹಲ್ಲಿನಡಿ ಇಟ್ಟರೆ ಕಲ್ಲು. ಕುಟ್ಟಾಣಿಯಲ್ಲಿ ಒಡೆದು ನೋಡಿದರೆ ಅಂಚು ಕಂದು, ನಡುವೆ ಹಸಿ ಬೇಳೆಯ ಹೊಳಪು. ಆದರೂ ಮಿಕ್ಸಿಯಲ್ಲಿ ಪುಡಿಮಾಡಿ ನೀರಿಗೆ ಹಾಕಿದೆ. ಬಜ್ಜಿ ಹಿಟ್ಟಿನ ಹಸಿ ವಾಸನೆ, ನಾಲಿಗೆಯ ಕೊನೆಯಲ್ಲಿ ಸುಟ್ಟ ಕಹಿ, ಮಧ್ಯಾಹ್ನವೆಲ್ಲ ಹೊಟ್ಟೆಯುಬ್ಬರ.

ಇದನ್ನು ಓದಿ ಅಂಗಡಿಯ ಕಡಲೆಹಿಟ್ಟನ್ನೇ ನೀರಿಗೆ ಕಲಸುವ ಯೋಚನೆ ಯಾರಿಗಾದರೂ ಬಂದರೆ ಬಿಟ್ಟುಬಿಡಿ. ಕಡಲೆಹಿಟ್ಟು ಹಸಿ ಬೇಳೆಯ ಹಿಟ್ಟು, ಬೇಯಿಸಿಯೇ ತಿನ್ನಬೇಕಾದದ್ದು. ಸತ್ತು ಹುರಿದಾಗಲೇ ಬೆಂದಿರುತ್ತದೆ. ಬಣ್ಣ ಎರಡರದ್ದೂ ಹತ್ತಿರ ಹತ್ತಿರ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಗೊತ್ತಾಗುತ್ತದೆ: ಸತ್ತು ಪುಟಾಣಿಯ ಹಾಗೆ ಸಿಹಿಗಂಪಿನಿಂದ ಕರಗುತ್ತದೆ, ಕಡಲೆಹಿಟ್ಟು ಹಸಿ ಅವರೆಕಾಳಿನ ಹಾಗೆ ಒಗರಾಗಿ ಅಂಗುಳಕ್ಕೆ ಅಂಟುತ್ತದೆ.

ಎರಡನೆಯ ಹುರಿ: ಉಪ್ಪು

ಕಾಳಿಗೆ ಎಲ್ಲ ಕಡೆಯಿಂದ ಒಂದೇ ಸಮ ಬಿಸಿ ತಾಗಬೇಕು. ಬಾಣಲೆಯ ತಳ ಮಾತ್ರ ತಾಗಿದರೆ ಸಾಲದು. ಅದಕ್ಕಾಗಿ ಅರ್ಧ ಕಿಲೋ ಕಲ್ಲುಪ್ಪನ್ನು ಬಾಣಲೆಯಲ್ಲಿ ಕಾಯಿಸಿದೆ. ಈ ಸಲ ಕಾಳನ್ನು ತೊಳೆದು, ಹತ್ತು ನಿಮಿಷ ನೀರಿನಲ್ಲಿಟ್ಟು, ಬಸಿದು, ಬಟ್ಟೆಯ ಮೇಲೆ ನೆರಳಿನಲ್ಲಿ ಆರಲು ಬಿಟ್ಟೆ. ಒದ್ದೆ ಮಾಡುವುದಕ್ಕೆ ಕಾರಣವಿದೆ. ಸಿಪ್ಪೆಯ ಕೆಳಗೆ ಸೇರಿದ ತೇವ ಬಿಸಿಗೆ ಹಬೆಯಾಗಿ ಹೊರಬರಲು ನುಗ್ಗುತ್ತದೆ, ಸಿಪ್ಪೆ ಬಿರಿಯುತ್ತದೆ, ಬೇಳೆ ಉಬ್ಬಿ ಪುಡಿಪುಡಿಯಾಗುವಷ್ಟು ಮೆತ್ತಗಾಗುತ್ತದೆ. ಒಣ ಕಾಳಿನಲ್ಲಿ ಅಷ್ಟು ಹಬೆ ಹುಟ್ಟುವುದಿಲ್ಲ, ಅದಕ್ಕೇ ಮೊದಲ ಸಲ ಕಲ್ಲಾದದ್ದು.

ಚಟಪಟ ಸದ್ದು ಚೆನ್ನಾಗಿಯೇ ಬಂತು. ಆದರೆ ನನ್ನ ಕಾಳು ಇನ್ನೂ ಸ್ವಲ್ಪ ಹಸಿಯಾಗಿತ್ತು, ಉಪ್ಪು ಅದಕ್ಕೆ ಬೆಳ್ಳಗೆ ಅಂಟಿಕೊಂಡಿತು. ಎಷ್ಟು ಒರೆಸಿದರೂ ಹಿಟ್ಟು ಉಪ್ಪುಪ್ಪಾಯಿತು. ಸಕ್ಕರೆ ಕಾಯಿಲೆಯವರಲ್ಲಿ ರಕ್ತದೊತ್ತಡವೂ ಇರುವವರು ಬಹಳ, ನನಗೂ ಗಡಿಯಲ್ಲಿದೆ. ಆ ಹಿಟ್ಟನ್ನು ಲಿಟ್ಟಿ ಎಂಬ ಕೆಂಡದಲ್ಲಿ ಸುಡುವ ಗೋಧಿ ಉಂಡೆಯ ಹೂರಣಕ್ಕೆಂದು ಚಾಚಿಗೆ ಕೊಟ್ಟೆ. ಅವರು ನಕ್ಕು, "ಬಾಲೂ ಬೇಕು ಬೇಟಾ, ಬಾಲೂ" ಎಂದರು. ಬಾಲೂ ಎಂದರೆ ಮರಳು.

ಮೂರನೆಯ ಹುರಿ: ಸೋನ್ ನದಿಯ ಮರಳು

ಇಲ್ಲಿ ಹಳೆಯ ಓಣಿಗಳಲ್ಲಿ ಘೋನ್ಸಾರ್ ಎಂಬ ಹುರಿಯುವ ಒಲೆಗಳಿವೆ. ಕಾದ ಮರಳಿಗೆ ಕಾಳು ಹಾಕಿ, ಕೈಯಾಡಿಸಿ, ಜರಡಿಯಲ್ಲಿ ಎತ್ತುತ್ತಾರೆ. ಚಾಚಿ ನನ್ನನ್ನು ಅಂಥ ಒಂದಕ್ಕೆ ಕರೆದುಕೊಂಡು ಹೋದರು. ಕೆಲಸ ನೋಡಿದೆ: ಮರಳಿನ ಬಣ್ಣ ಕಪ್ಪಗಾಗಿತ್ತು, ಕಾಳು ಬಿದ್ದ ಕೂಡಲೇ ಸಿಡಿಯುತ್ತಿತ್ತು, ಒಂದು ಸರದಿ ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ. ದುಡ್ಡು ಕೊಟ್ಟು ಅಲ್ಲಿಯೇ ಹುರಿಸಬಹುದಿತ್ತು. ಆದರೆ ಹೊರಟದ್ದು ಮನೆಯಲ್ಲಿ ಮಾಡಲು.

ಮರಳಿಗೆ ಇಲ್ಲಿ ಬರವಿಲ್ಲ. ಆರಾದಿಂದ ಸ್ವಲ್ಪ ದೂರದಲ್ಲಿ, ಕೋಯಿಲ್ವರ್‌ನ ಹತ್ತಿರ ಸೋನ್ ನದಿ ಹರಿಯುತ್ತದೆ. ಅದರ ಹಳದಿ ಮರಳು ಕಟ್ಟಡದ ಕೆಲಸಕ್ಕೆ ಲಾರಿ ಲಾರಿ ಹೋಗುತ್ತದೆ. ಪಕ್ಕದ ಮನೆಯ ಗೋಡೆ ಕೆಲಸದ ರಾಶಿಯಿಂದ ಕೇಳಿ ಎರಡು ಕಿಲೋ ತಂದೆ. ನೀರು ತಿಳಿಯಾಗುವವರೆಗೆ ಆರು ಸಲ ತೊಳೆದು, ಬಿಸಿಲಲ್ಲಿ ಒಣಗಿಸಿ, ಜರಡಿ ಹಿಡಿದೆ. ಜರಡಿ ಹಿಡಿಯುವುದನ್ನು ಬಿಡಬಾರದು. ಮರಳು ಸಲೀಸಾಗಿ ಇಳಿದು ಕಡಲೆ ಮಾತ್ರ ನಿಲ್ಲುವ ಜರಡಿಯಿಂದಲೇ ಮರಳನ್ನೂ ಮೊದಲೇ ಸೋಸಿಟ್ಟರೆ ಆಮೇಲೆ ದೊಡ್ಡ ಹರಳು ಕಾಳಿನ ಜೊತೆ ಉಳಿಯುವುದಿಲ್ಲ. ಹಿಟ್ಟಿನಲ್ಲಿ ಹರಳು ಉಳಿದಿದೆಯೇ ಎಂದು ನೋಡಲು ಒಂದು ಚಮಚ ಹಿಟ್ಟನ್ನು ಲೋಟದ ನೀರಿಗೆ ಕದಡಿ, ಅರ್ಧ ನಿಮಿಷ ಬಿಟ್ಟು, ಮೆಲ್ಲಗೆ ಬಗ್ಗಿಸಿ. ತಳದಲ್ಲಿ ಹೊಳೆಯುವ ಕಣ ಕಂಡರೆ ಮರಳು.

ಕಾಳನ್ನು ಈ ಸಲ ನೆನೆಸಿದ ಮೇಲೆ ಮೂರು ಗಂಟೆ ಆರಿಸಿದೆ, ಕೈಗೆ ತೇವ ತಾಗಬಾರದು. ಮರಳಿನ ಹದ ತಿಳಿಯಲು ನಾಲ್ಕು ಕಾಳು ಎಸೆದೆ. ಹತ್ತು ಹನ್ನೆರಡು ಸೆಕೆಂಡಿಗೆ ಸಿಡಿದರೆ ಸರಿ. ಒಂದು ಸರದಿಗೆ ಒಂದು ಹಿಡಿಯಷ್ಟು ಕಾಳು ಮಾತ್ರ, ಹೆಚ್ಚು ಹಾಕಿದರೆ ಮರಳು ತಣಿದು ಮತ್ತೆ ಕಲ್ಲಾಗುತ್ತದೆ. ಎರಡೂವರೆ ನಿಮಿಷ, ಕೈ ಬಿಡದೆ ಸೌಟಾಡಿಸಿ ಜರಡಿಗೆ. ಒಡೆದರೆ ಒಳಗೆಲ್ಲ ಒಂದೇ ತಿಳಿಕಂದು, ಬೆರಳಲ್ಲಿ ಒತ್ತಿದರೆ ಪುಡಿ. ಅಂದು ರಾತ್ರಿ ಅಕ್ಕನಿಗೆ ಫೋಟೋ ಕಳಿಸಿದೆ.

ಸಿಪ್ಪೆ ಎಷ್ಟು, ನುಣುಪು ಎಷ್ಟು

ಅಕ್ಕನ ಪುಟಾಣಿಗೂ ಸತ್ತುವಿಗೂ ವ್ಯತ್ಯಾಸ ಇಲ್ಲಿದೆ. ನಮ್ಮ ಪುಟಾಣಿ, ಹುರಿಗಡಲೆ, ಸಿಪ್ಪೆ ಪೂರ್ತಿ ಹೋದದ್ದು. ಇಲ್ಲಿ ಹುರಿದ ಕಾಳನ್ನು ತಿಕ್ಕಿ, ಮೊರದಲ್ಲಿ ಕೇರಿ, ಸಿಪ್ಪೆಯ ದೊಡ್ಡ ಪಾಲನ್ನು ತೆಗೆಯುತ್ತಾರೆ, ಆದರೆ ಸ್ವಲ್ಪ ಉಳಿಸುತ್ತಾರೆ. ಒಳ್ಳೆಯ ಸತ್ತುವಿನಲ್ಲಿ ಕಂದು ಚುಕ್ಕೆಗಳು ಕಾಣುವುದು ಅದರಿಂದಲೇ. ನಾರು ಹೆಚ್ಚಾಗಿ ಇರುವುದು ಆ ಸಿಪ್ಪೆಯಲ್ಲಿ. ಎಲ್ಲವನ್ನೂ ಇಟ್ಟುಕೊಳ್ಳೋಣ ಎಂದು ಒಮ್ಮೆ ಪೂರ್ತಿ ಸಿಪ್ಪೆಯೊಡನೆ ಬೀಸಿದೆ. ಗಂಟಲಲ್ಲಿ ಮರದ ಹೊಟ್ಟು ಕುಡಿದ ಹಾಗಾಯಿತು. ಕೊನೆಗೆ ಅರ್ಧ ಸಿಪ್ಪೆಯ ಮೇಲೆ ನಿಂತೆ.

ಬೀಸುವುದರಲ್ಲಿ ಎರಡು ಬಗೆ ಮಾಡಿಟ್ಟೆ. ಒಂದು ಡಬ್ಬಿಯಲ್ಲಿ ಸಿಪ್ಪೆ ಪೂರ್ತಿ ತೆಗೆದು ನುಣ್ಣಗೆ ಮೈದಾ ಜರಡಿಗೆ ಹಾಕಿದ ಹಿಟ್ಟು. ಇನ್ನೊಂದರಲ್ಲಿ ಅರ್ಧ ಸಿಪ್ಪೆ ಇಟ್ಟು ಸಣ್ಣ ರವೆಯ ಹಾಗೆ ತರಿಯಾಗಿ ಬೀಸಿದ್ದು. ಮಿಕ್ಸಿಯನ್ನು ಅರ್ಧ ಅರ್ಧ ನಿಮಿಷ ನಿಲ್ಲಿಸಿ ತಿರುಗಿಸಬೇಕು. ಬಿಡದೆ ತಿರುಗಿಸಿದರೆ ಬಿಸಿಯೇರಿ ಎಣ್ಣೆ ಬಿಟ್ಟು ಗೋಡೆಗೆ ಮೆತ್ತಿಕೊಳ್ಳುತ್ತದೆ. ಕಾಳು ಇಡಿಯಾಗಿದ್ದಾಗ ಪಿಷ್ಟ ಅದರ ಕೋಶಗಳ ಗೋಡೆಯೊಳಗೆ ಭದ್ರವಾಗಿರುತ್ತದೆ, ಜೀರ್ಣವಾಗಲು ಹೊತ್ತು ಬೇಕು. ಬೀಸಿದಷ್ಟೂ ಆ ಗೋಡೆ ಒಡೆಯುತ್ತದೆ. "ಕಡಲೆ ಸಕ್ಕರೆ ಏರಿಸುವುದಿಲ್ಲ" ಎಂಬುದು ಬೇಯಿಸಿದ ಉಸುಳಿಗೆ ಒಪ್ಪುವಷ್ಟು ಲೋಟದ ಹಿಟ್ಟಿಗೆ ಒಪ್ಪುವುದಿಲ್ಲ. ಅಂಗಡಿಯಲ್ಲಿ ಜವೆಗೋಧಿ ಬೆರೆಸಿದ ಸತ್ತುವೂ ಸಿಗುತ್ತದೆ, ರುಚಿ ಹಗುರ. ಆದರೆ ಪ್ರೋಟೀನ್ ಇಳಿದು ಪಿಷ್ಟ ಏರುತ್ತದೆ, ಪೊಟ್ಟಣ ತಿರುಗಿಸಿ ಓದಿಯೇ ಕೊಳ್ಳಬೇಕು.

ಲೋಟ

ನನ್ನ ಅಳತೆ: 40 ಗ್ರಾಂ ತರಿ ಸತ್ತು, 300 ಮಿಲಿ ಮಡಕೆ ನೀರು, ಅರ್ಧ ನಿಂಬೆ, ಹುರಿದ ಜೀರಿಗೆಯ ಪುಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಒಂದು ಹಸಿಮೆಣಸಿನಕಾಯಿ, ಪುದೀನ, ಒಂದು ಚಿಟಿಕೆ ಕಪ್ಪು ಉಪ್ಪು. ಕಪ್ಪು ಉಪ್ಪೂ ಉಪ್ಪೇ, ವಾಸನೆ ಬೇರೆಯಾದ ಮಾತ್ರಕ್ಕೆ ಸೋಡಿಯಂ ಮಾಯವಾಗುವುದಿಲ್ಲ. ಹಿಟ್ಟಿಗೆ ಮೊದಲು ನಾಲ್ಕು ಚಮಚ ನೀರು ಹಾಕಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಉಳಿದ ನೀರು ಸುರಿದು ಕಡಗೋಲಿನಲ್ಲಿ ಕಡೆಯುತ್ತೇನೆ. ಒಮ್ಮೆಗೇ ನೀರಿಗೆ ಹಿಟ್ಟು ಸುರಿದರೆ ಗಂಟುಗಳ ಒಳಗೆ ಒಣ ಪುಡಿ ಉಳಿದು ಕೆಮ್ಮು ಬರಿಸುತ್ತದೆ.

ಈ ಲೋಟದಲ್ಲಿ ಪ್ರೋಟೀನ್ ಎಂಟೂವರೆ ಗ್ರಾಂನ ಆಸುಪಾಸು, ಲೆಕ್ಕಕ್ಕೆ ಒಂದೂವರೆ ಮೊಟ್ಟೆ. ಗುಣದಲ್ಲಿ ಮಾತ್ರ ಮೊಟ್ಟೆಗೆ ಸಮವಲ್ಲ. ಬೇಳೆಕಾಳಿನ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಧಾರಾಳ, ಮೆಥಿಯೊನಿನ್ ಎಂಬ ಇನ್ನೊಂದು ಕಡಿಮೆ. ಧಾನ್ಯಗಳಲ್ಲಿ ಇದು ತಿರುವುಮುರುವು. ದಿನದಲ್ಲಿ ಎಲ್ಲೋ ಒಂದು ಕಡೆ ರೊಟ್ಟಿ, ಮೊಸರು ಸೇರಿದರೆ ಕೊರತೆ ತುಂಬಿಕೊಳ್ಳುತ್ತದೆ.

ಬೆರಳು ಚುಚ್ಚಿದ ವಾರ

ಮೇ ಮೊದಲ ವಾರ, ದಿನಕ್ಕೆ ಒಂದು ಪರೀಕ್ಷೆ. ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ತಿಂಡಿ ಶುರುಮಾಡಿದ ಒಂದು ಗಂಟೆಗೆ, ಎರಡು ಗಂಟೆಗೆ ಮತ್ತೆ. ನಡಿಗೆ ಇಲ್ಲ, ಚಹಾ ಇಲ್ಲ. ಹೋಲಿಕೆಗಾಗಿ ಸತ್ತು ಇಲ್ಲಿ 50 ಗ್ರಾಂ. ಸಂಖ್ಯೆಗಳು ಡೆಸಿಲೀಟರಿಗೆ ಮಿಲಿಗ್ರಾಂನಲ್ಲಿ.

ನನ್ನ ಎಂದಿನ 60 ಗ್ರಾಂ ಅವಲಕ್ಕಿ ಒಗ್ಗರಣೆ: 121, 214, 178. ನುಣ್ಣನೆಯ ಸತ್ತು: 119, 163, 141. ತರಿ ಸತ್ತು: 124, 152, 138.

ಇದನ್ನು ನೋಡಿ ಕುಣಿಯುವಷ್ಟಾಯಿತು, ಆಮೇಲೆ ಲೆಕ್ಕ ಹಾಕಿದೆ. 60 ಗ್ರಾಂ ಅವಲಕ್ಕಿಯಲ್ಲಿ ಸುಮಾರು 46 ಗ್ರಾಂ ಕಾರ್ಬೋಹೈಡ್ರೇಟ್, 50 ಗ್ರಾಂ ಸತ್ತುವಿನಲ್ಲಿ 29. ಕಡಿಮೆ ತಿಂದರೆ ಕಡಿಮೆ ಏರುತ್ತದೆ, ಅದರಲ್ಲಿ ಸತ್ತುವಿನ ಹೆಚ್ಚುಗಾರಿಕೆ ಏನು? ಮರುದಿನ 38 ಗ್ರಾಂ ಅವಲಕ್ಕಿ, ಅಂದರೆ ಸತ್ತುವಿನಷ್ಟೇ ಕಾರ್ಬೋಹೈಡ್ರೇಟ್, ತಿಂದು ನೋಡಿದೆ: 120, 181, 152. ಆಗ ವ್ಯತ್ಯಾಸ ಅರ್ಧಕ್ಕಿಂತ ಕೆಳಗಿಳಿಯಿತು. ಸತ್ತುವಿನ ಕಡೆಗೆ ಇನ್ನೂ ವಾಲಿದೆ, ಪ್ರೋಟೀನು ನಾರು ಇರುವುದರಿಂದ ವಾಲಬೇಕಾದದ್ದೇ, ಆದರೆ ಪವಾಡವಿಲ್ಲ.

ಇನ್ನೊಂದು ಮಾತು. ಮನೆಯ ಗ್ಲೂಕೋಮೀಟರಿಗೆ ಒಪ್ಪಿತ ಮಾನದಂಡದಲ್ಲೇ 100ರ ಮೇಲಿನ ಓದಿಗೆ ಶೇಕಡ 15ರಷ್ಟು ಆಚೀಚೆ ಆಗಲು ಅವಕಾಶವಿದೆ. 163 ಮತ್ತು 152ರ ನಡುವಿನ ಹನ್ನೊಂದು ಆ ಗಡಿಯೊಳಗೇ ಮುಳುಗಿಹೋಗುತ್ತದೆ. ಮೇಲಾಗಿ ನಾನು ಸಿಪ್ಪೆ ಮತ್ತು ನುಣುಪು ಎರಡನ್ನೂ ಒಟ್ಟಿಗೆ ಬದಲಿಸಿದ್ದೆ, ಯಾವುದು ಕೆಲಸ ಮಾಡಿತು ಎಂದು ಹೇಳಲು ಬರುವುದಿಲ್ಲ. ತರಿ ಒಳ್ಳೆಯದು ಎಂದು ನಾನು ನಂಬಿರುವುದು ಕೋಶದ ಗೋಡೆಯ ಕಾರಣಕ್ಕೆ, ನನ್ನ ಬೆರಳಿನ ಸಾಕ್ಷ್ಯಕ್ಕಲ್ಲ.

ಗ್ಲೂಕೋಮೀಟರಿನ ಗಡಿಗೂ ಮೀರಿ ಕಂಡದ್ದು ಕೊನೆಯ ಪರೀಕ್ಷೆ. ಎಂಟೂವರೆಗೆ ಎಂದಿನ ತಿಂಡಿ, ಹನ್ನೊಂದಕ್ಕೆ ಗಾಡಿಯ 70 ಗ್ರಾಂ ಲೋಟ. ಹನ್ನೆರಡಕ್ಕೆ 226. ಅದೇ ಸತ್ತು ತಿಂಡಿಯ ಜಾಗದಲ್ಲಿ ಬಂದಾಗ ಒಂದು ರೀತಿ, ತಿಂಡಿಯ ಬೆನ್ನಿಗೆ ಬಂದಾಗ ಇನ್ನೊಂದು ರೀತಿ. ಬೆಲ್ಲ ಹಾಕಿದ ಸಿಹಿ ಸತ್ತುವನ್ನು ಅಳೆಯುವ ಧೈರ್ಯ ಮಾಡಲಿಲ್ಲ.

ವಸೂಲಿಗೆ ಹೋದ ಸಹೋದ್ಯೋಗಿ

ನನ್ನ ಪಟ್ಟಿ ನೋಡಿ ಹುರುಪುಗೊಂಡ ಸಹೋದ್ಯೋಗಿಯೊಬ್ಬರು ತಿಂಡಿ ಬಿಟ್ಟು ಒಂದು ಲೋಟ ಸತ್ತು ಮಾತ್ರ ಕುಡಿದು ಹಳ್ಳಿಗೆ ಸಾಲ ವಸೂಲಿಗೆ ಹೋದರು. ಅವರ ಮಾತ್ರೆ ಗ್ಲಿಮೆಪಿರೈಡ್. ಅದು ತಿಂದರೂ ತಿನ್ನದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ. ಹನ್ನೆರಡರ ಹೊತ್ತಿಗೆ ಬೆವರು, ಕೈನಡುಕ, ಕಣ್ಣುಕತ್ತಲೆ. ಜೊತೆಗಿದ್ದವರು ಲೂ ಹೊಡೆದಿದೆ ಎಂದು ನೆರಳಿಗೆ ಮಲಗಿಸಿ ಇನ್ನೊಂದು ಲೋಟ ಸತ್ತು ಕೊಟ್ಟರಂತೆ. ಅದೃಷ್ಟಕ್ಕೆ ಅವರ ಚೀಲದಲ್ಲಿ ಗ್ಲೂಕೋಮೀಟರ್ ಇತ್ತು: 58. ಆಗ ಸಕ್ಕರೆ ನೀರು ಕುಡಿಸಿದರು, ಕಾಲು ಗಂಟೆಯಲ್ಲಿ ಎದ್ದು ಕುಳಿತರು.

ಬೇಸಿಗೆಯಲ್ಲಿ ಬಿಸಿಲಿನ ಬಳಲಿಕೆಯೂ ಸಕ್ಕರೆ ಕುಸಿತವೂ ಒಂದೇ ಮುಖ ತೋರಿಸುತ್ತವೆ, ಅಳೆಯದೆ ಬೇರೆ ಮಾಡಲಾಗದು. ಅಳೆಯಲು ಸಾಧನವಿಲ್ಲದಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸುವುದೇ ಕ್ಷೇಮ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಸುರಿಯಬಾರದು. ಸತ್ತು ನಿಧಾನವಾಗಿ ಏರಿಸುತ್ತದೆ ಎಂಬುದೇ ಅದರ ಗುಣ. ಕುಸಿತದ ಹೊತ್ತಿಗೆ ಆ ಗುಣವೇ ದೋಷ. ಇನ್ಸುಲಿನ್ ಅಥವಾ ಇಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ತಿಂಡಿಯನ್ನು ಸತ್ತುವಿಗೆ ಬದಲಿಸಬಾರದು. ಆ ದಿನ ಸಂಜೆ ನನ್ನ ಪಟ್ಟಿಯನ್ನು ಕಚೇರಿಯ ಗೋಡೆಯಿಂದ ತೆಗೆದೆ.

ಚಾಚಿಯ ಮನೆಯಲ್ಲೇ ಇನ್ನೊಂದು ಉದಾಹರಣೆಯಿದೆ. ಚಾಚಾಗೆ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿದೆ. ಪ್ರೋಟೀನ್ ಮಿತಿಯಲ್ಲಿರಲಿ, ಪೊಟಾಸಿಯಂ ಕಡಿಮೆ ಇರಲಿ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ, ಕಡಲೆಯಲ್ಲಿ ಎರಡೂ ತುಂಬಿವೆ. ಎಪ್ಪತ್ತು ಬೇಸಿಗೆ ಸತ್ತು ಕುಡಿದ ಮನುಷ್ಯ ಈಗ ನಿಂಬೆ ನೀರಿನ ಲೋಟ ಹಿಡಿದು, ನಾನು ಕಡಗೋಲು ತಿರುಗಿಸುವುದನ್ನು ಜಗುಲಿಯಿಂದ ನೋಡುತ್ತಾರೆ. ಅವರೆದುರು ಕುಡಿಯುವುದನ್ನು ಬಿಟ್ಟಿದ್ದೇನೆ.

ಈಗ ನಡೆಯುತ್ತಿರುವುದು

ವಾರಕ್ಕೆ ನಾಲ್ಕು ದಿನ 40 ಗ್ರಾಂ ಲೋಟ, ತಿಂಡಿಯ ಬದಲು, ಜೊತೆಗೆ ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಮೊಸರು. ಸ್ಟೀಲ್ ಬಟ್ಟಲೊಂದಕ್ಕೆ 40 ಗ್ರಾಂ ಎಲ್ಲಿಗೆ ಬರುತ್ತದೆಂದು ತೂಗಿ, ಮೊಳೆಯಲ್ಲಿ ಗೆರೆ ಕೊರೆದಿದ್ದೇನೆ. ದಿನಾ ತಕ್ಕಡಿ ತೆಗೆಯುವ ತಾಳ್ಮೆ ಯಾರಿಗಿದೆ? ಒಮ್ಮೆಗೆ ಅರ್ಧ ಕಿಲೋಗಿಂತ ಹೆಚ್ಚು ಬೀಸುವುದಿಲ್ಲ. ಎಣ್ಣೆಯಂಶ ಇರುವ ಹಿಟ್ಟು, ಮಳೆಗಾಲ ಹತ್ತಿರವಾದಂತೆ ಮೂರು ವಾರಕ್ಕೆ ಹಳೆಯ ಎಣ್ಣೆಯ ಮುಗ್ಗು ವಾಸನೆ ಹಿಡಿಯುತ್ತದೆ. ಹುರಿದ ಕಾಳನ್ನು ಹಾಗೆಯೇ ಇಟ್ಟು ಬೇಕಾದಾಗ ಬೀಸಿದರೆ ಇನ್ನೂ ಬಾಳುತ್ತದೆ. ಮರಳು ಎಣ್ಣೆ ಡಬ್ಬಿಯೊಂದರಲ್ಲಿ ಭದ್ರವಾಗಿದೆ, ಕಾದಷ್ಟೂ ಕಪ್ಪಾಗಿ ಘೋನ್ಸಾರಿನ ಬಣ್ಣಕ್ಕೆ ಬರುತ್ತಿದೆ.

ಗಾಡಿಗೂ ಹೋಗುತ್ತೇನೆ, ತಿಂಡಿ ತಪ್ಪಿದ ದಿನ. ನನ್ನನ್ನು ಕಂಡ ಕೂಡಲೇ ಅವನು ಹಿತ್ತಾಳೆ ಚಮಚವನ್ನು ಎತ್ತಿ, ಮೇಲಿನ ಗೋಪುರವನ್ನು ಹೆಬ್ಬೆರಳಿನಿಂದ ಡಬ್ಬಿಗೆ ಸವರಿ ಹಾಕಿ, ಸರದಿಯಲ್ಲಿ ನಿಂತವರಿಗೆ ಕೇಳುವ ಹಾಗೆ ಹೇಳುತ್ತಾನೆ: "ತಕ್ಕಡಿ ಸಾಹೇಬರದು ಒಂದೇ ಚಮಚ."